ಪೆನಾಲ್ಟಿ ಶೂಟೌಟ್‌ನ ದರ ಟಾಸ್‌ನ ಹತ್ತಿರವೇ ಏಕೆ ನಿಲ್ಲುತ್ತದೆ?

2023ರ ಮಾರ್ಚ್ 12ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡ ಮುಂಬೈ ಸಿಟಿಯನ್ನು ಶೂಟೌಟ್‌ನಲ್ಲಿ 9–8ರಿಂದ ಮಣಿಸಿ ಐಎಸ್‌ಎಲ್ ಫೈನಲ್‌ಗೆ ಹೋಯಿತು. ಆರು ದಿನಗಳ ನಂತರ ಗೋವಾದ ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಅದೇ ತಂಡ 4–3ರಿಂದ ಶೂಟೌಟ್ ಸೋತಿತು. ಎರಡೂ ಸಲ ಗೋಲಿನ ಮುಂದೆ ನಿಂತಿದ್ದವರು ಗುರ್‌ಪ್ರೀತ್ ಸಿಂಗ್ ಸಂಧು. ಆ ಜುಲೈನಲ್ಲಿ ಮತ್ತೆ ಕಂಠೀರವದಲ್ಲೇ ನಡೆದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಭಾರತದ ಗೋಲ್‌ಕೀಪರ್. ಸೆಮಿಫೈನಲ್‌ನಲ್ಲಿ ಲೆಬನಾನ್, ಫೈನಲ್‌ನಲ್ಲಿ ಕುವೈತ್, ಎರಡೂ ತಂಡಗಳನ್ನು ಭಾರತ ಶೂಟೌಟ್‌ನಲ್ಲೇ ಸೋಲಿಸಿತು.

ನಾಲ್ಕು ಶೂಟೌಟ್‌ಗಳಲ್ಲಿ ಮೂರು ಗೆಲುವು. ಐದನೆಯದರಲ್ಲಿ ಅವರ ತಂಡ ಗೆಲ್ಲುವ ಸಾಧ್ಯತೆ ಎಷ್ಟು? ಅಭಿಮಾನಿಯನ್ನು ಕೇಳಿದರೆ ನೂರಕ್ಕೆ ಎಪ್ಪತ್ತು ಎಂದಾನು. ವಿದೇಶದ ಬೆಟ್ಟಿಂಗ್ ಕಂಪನಿಯಲ್ಲಿ ದರ ಕಟ್ಟುವವನನ್ನು ಕೇಳಿದರೆ ಐವತ್ತು, ಬಹಳವೆಂದರೆ ಐವತ್ತಮೂರು ಎನ್ನುತ್ತಾನೆ. ನನ್ನ ಪ್ರಕಾರ ಎರಡನೆಯವನದೇ ಸರಿಯಾದ ಲೆಕ್ಕ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವನ್ನು, ಅಂದರೆ 'ಪೆನಾಲ್ಟಿ ಎಂದರೆ ಬರೀ ಲಾಟರಿ' ಎಂಬ ಮಾತನ್ನು, ನಾನು ಒಪ್ಪುವುದಿಲ್ಲ. ಹನ್ನೆರಡು ಗಜ ದೂರದಿಂದ ಚೆಂಡನ್ನು ಮೂಲೆಗೆ ಹೊಡೆಯುವುದು ಅಪ್ಪಟ ಕೌಶಲ. ಆ ಮಟ್ಟಕ್ಕೆ ಬಂದವರೆಲ್ಲರಲ್ಲೂ ಆ ಕೌಶಲ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿದೆ ಎಂಬುದೇ ನಿಜವಾದ ಕಾರಣ.

ಮೊದಲು ದರ ಓದುವುದನ್ನು ತಿಳಿದುಕೊಳ್ಳೋಣ. ಎರಡೂ ತಂಡಗಳಿಗೆ 1.91 ಎಂದು ಬರೆದಿದ್ದರೆ, 100 ರೂಪಾಯಿ ಕಟ್ಟಿ ಗೆದ್ದವರ ಕೈಗೆ 191 ಬರುತ್ತದೆ ಎಂದರ್ಥ. ಒಂದನ್ನು ಆ ದರದಿಂದ ಭಾಗಿಸಿದರೆ ಅದರೊಳಗೆ ಅಡಗಿರುವ ಸಾಧ್ಯತೆ ಸಿಗುತ್ತದೆ; ಇಲ್ಲಿ ಅದು ನೂರಕ್ಕೆ 52.4. ಎರಡೂ ತಂಡಗಳದ್ದನ್ನು ಕೂಡಿಸಿದರೆ 104.7 ಆಗುತ್ತದೆ. ನೂರರ ಮೇಲಿನ ಆ 4.7 ಕಂಪನಿಯ ಅಂಚು. ಅದನ್ನು ತೆಗೆದು ನೋಡಿದರೆ ಉಳಿಯುವುದು ಐವತ್ತು–ಐವತ್ತು. ಒಂದು ಕಡೆ 1.75, ಇನ್ನೊಂದು ಕಡೆ 2.05 ಇದ್ದರೂ ಕ್ರಮ ಇದೇ. 57.1 ಮತ್ತು 48.8 ಕೂಡಿದರೆ 105.9. ಮೊದಲನೆಯದನ್ನು ಈ ಮೊತ್ತದಿಂದ ಭಾಗಿಸಿದರೆ 54. ಅಂದರೆ 1.75 ಎಂಬ ದರ ನೋಡಿ 'ಇವರೇ ಬಲಿಷ್ಠರು' ಎಂದು ಅನ್ನಿಸಿದರೂ ಮಾರುಕಟ್ಟೆ ಹೇಳುತ್ತಿರುವುದು 54–46 ಎಂದು ಮಾತ್ರ.

ಈಗ ಐವತ್ತರ ಮೂಲಕ್ಕೆ ಬರೋಣ. ದೊಡ್ಡ ಟೂರ್ನಿಗಳ ಶೂಟೌಟ್‌ಗಳಲ್ಲಿ ಸರಾಸರಿ ನಾಲ್ಕು ಕಿಕ್‌ಗಳಲ್ಲಿ ಮೂರು, ಇಲ್ಲವೇ ಅದಕ್ಕಿಂತ ತುಸು ಕಡಿಮೆ, ಗೋಲಾಗುತ್ತವೆ. ಲೆಕ್ಕಕ್ಕೆ ನೂರಕ್ಕೆ 75 ಎಂದಿಟ್ಟುಕೊಳ್ಳೋಣ. ಎರಡೂ ತಂಡಗಳದು 75 ಆಗಿದ್ದರೆ ಗೆಲುವಿನ ಸಾಧ್ಯತೆ ಸಮಸಮ. ಒಂದು ತಂಡ 76, ಇನ್ನೊಂದು 74 ಆದರೆ? ಐದು ಕಿಕ್‌ಗಳಲ್ಲಿ ಪ್ರತಿ ತಂಡ ಎಷ್ಟು ಗೋಲು ಹೊಡೆಯಬಹುದು ಎಂಬುದರ ಸಾಧ್ಯತೆಗಳನ್ನು ಬೇರೆ ಬೇರೆ ಬರೆದು, ಪ್ರತಿ ಜೋಡಿಯನ್ನು ಗುಣಿಸಿ, ಸಮನಾದವನ್ನು ಸಡನ್ ಡೆತ್‌ಗೆ ಸೇರಿಸಿದರೆ ಉತ್ತರ ಬರುತ್ತದೆ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ `=BINOM.DIST(3,5,0.75,FALSE)` ಎಂದು ಬರೆದರೆ ಐದರಲ್ಲಿ ಸರಿಯಾಗಿ ಮೂರು ಗೋಲಾಗುವ ಸಾಧ್ಯತೆ 0.26 ಎಂದು ಬರುತ್ತದೆ. ಹೀಗೆ ಸೊನ್ನೆಯಿಂದ ಐದರವರೆಗೆ ಮಾಡಿಕೊಂಡರೆ ಮಿಕ್ಕದ್ದು ಕೂಡುವ ಕೆಲಸ. 76ಕ್ಕೆ 74 ಎದುರಾದರೆ ಮೊದಲ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ 53ರಿಂದ 54. ಅಂತರವನ್ನು ಹಿಗ್ಗಿಸಿ 78ಕ್ಕೆ 72 ಎಂದರೆ 60ರ ಮೇಲೆ ಹೋಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಕಿಕ್‌ನ ಯಶಸ್ಸಿನಲ್ಲಿ ಒಂದು ಅಂಕದ ಅಂತರವಿದ್ದರೆ ಗೆಲುವಿನ ಸಾಧ್ಯತೆ ಐವತ್ತರಿಂದ ಎರಡು ಅಂಕಕ್ಕಿಂತ ತುಸು ಕಡಿಮೆ ಸರಿಯುತ್ತದೆ.

ಆದ್ದರಿಂದ ಕೌಶಲಕ್ಕೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಆರು ಅಂಕದ ಅಂತರ ಖಚಿತವಾಗಿ ಗೊತ್ತಿದ್ದರೆ 60–40ರ ದರ ಕಟ್ಟುವುದೇ ನ್ಯಾಯ. ತೊಡಕಿರುವುದು ಆ 'ಗೊತ್ತಿದ್ದರೆ' ಎಂಬಲ್ಲಿ.

ಒಬ್ಬ ಸ್ಟ್ರೈಕರ್ ವೃತ್ತಿಜೀವನದಲ್ಲಿ 30 ಪೆನಾಲ್ಟಿ ಹೊಡೆದಿದ್ದಾನೆ ಎನ್ನೋಣ. ಅದು ಸಣ್ಣ ಸಂಖ್ಯೆಯಲ್ಲ. ಬಹುತೇಕ ಆಟಗಾರರು ಅಷ್ಟು ಹೊಡೆಯುವುದೇ ಇಲ್ಲ. ಅವನ ನಿಜವಾದ ಸಾಮರ್ಥ್ಯ 75 ಆಗಿದ್ದರೂ ಅದೃಷ್ಟದ ಏರಿಳಿತದಿಂದಲೇ ದಾಖಲೆಯಲ್ಲಿ 67 ಎಂದೋ 83 ಎಂದೋ ಕಾಣುವುದು ತೀರಾ ಸಾಮಾನ್ಯ. ಮೂವತ್ತು ಕಿಕ್‌ಗಳ ದಾಖಲೆಯಲ್ಲಿ ಎಂಟು ಅಂಕದಷ್ಟು ಮಬ್ಬು ಇದ್ದೇ ಇರುತ್ತದೆ. ನೂರು ಕಿಕ್‌ಗಳಾದರೆ ನಾಲ್ಕು ಅಂಕಕ್ಕೆ ಇಳಿಯುತ್ತದೆ. ಮಬ್ಬು ಒಂದು ಅಂಕಕ್ಕೆ ಇಳಿಯಬೇಕಾದರೆ ಸುಮಾರು 1,900 ಕಿಕ್‌ಗಳು ಬೇಕು. ಒಂದು ಶೂಟೌಟ್‌ಗೆ ಐದು ಕಿಕ್ ಎಂದರೂ ಒಂದೇ ತಂಡ 380 ಶೂಟೌಟ್ ಆಡಿರಬೇಕು. ಯಾವ ದೇಶದ ತಂಡವೂ ಅದರ ಹತ್ತಿರಕ್ಕೂ ಬಂದಿಲ್ಲ. ಬಂದಿದ್ದರೂ ಮೊದಲ ಕಿಕ್ ಹೊಡೆದವನ ಮೊಮ್ಮಗ ಕೊನೆಯ ಕಿಕ್ ಹೊಡೆಯುವ ಹೊತ್ತಿಗೆ ಅದು ಬೇರೆಯೇ ತಂಡವಾಗಿರುತ್ತದೆ.

ಹೀಗಾಗಿ ದರ ಕಟ್ಟುವವರು ದಾಖಲೆಯನ್ನು ಇದ್ದ ಹಾಗೇ ತೆಗೆದುಕೊಳ್ಳುವುದಿಲ್ಲ. ಮೂವತ್ತರಲ್ಲಿ ಇಪ್ಪತ್ತೇಳು ಗೋಲು ಹೊಡೆದವನನ್ನೂ 90ರವನೆಂದು ಬರೆದುಕೊಳ್ಳದೆ ಎಲ್ಲರ ಸರಾಸರಿಯ ಕಡೆಗೆ ಎಳೆದು 77ರ ಆಸುಪಾಸಿನಲ್ಲಿ ಕೂರಿಸುತ್ತಾರೆ. ಮೇಲಾಗಿ ಅವನು ಹೊಡೆಯುವುದು ಐದರಲ್ಲಿ ಒಂದೇ ಕಿಕ್. ಉಳಿದ ನಾಲ್ಕನ್ನು ಹೊಡೆಯುವವರಲ್ಲಿ ಇಬ್ಬರು ಮೂವರು ಕ್ಲಬ್ ಪಂದ್ಯಗಳಲ್ಲಿ ಪೆನಾಲ್ಟಿ ಮುಟ್ಟಿಯೇ ಇರುವುದಿಲ್ಲ. ಎದುರಾಳಿಯ ಪಟ್ಟಿಯೂ ಹೀಗೆಯೇ ಇರುತ್ತದೆ. ಎರಡೂ ಕಡೆಯ ಐದೈದು ಜನರ ಸರಾಸರಿ ತೆಗೆದಾಗ ಉಳಿಯುವ ಅಂತರ ಒಂದೋ ಎರಡೋ ಅಂಕ.

ತಂಡದ ಇತಿಹಾಸದ ಮಾತು ಬಂದಾಗ ಎಲ್ಲರೂ ಇಂಗ್ಲೆಂಡಿನ ಹೆಸರು ಎತ್ತುತ್ತಾರೆ. 1990ರಿಂದ 2012ರವರೆಗೆ ವಿಶ್ವಕಪ್ ಮತ್ತು ಯೂರೋದಲ್ಲಿ ಅದು ಏಳು ಶೂಟೌಟ್ ಆಡಿ ಆರನ್ನು ಸೋತಿತು. ಗೆದ್ದದ್ದು 1996ರಲ್ಲಿ ಸ್ಪೇನ್ ವಿರುದ್ಧ ಮಾತ್ರ. ನಿಜಕ್ಕೂ ಐವತ್ತು–ಐವತ್ತರ ತಂಡವೊಂದು ಏಳರಲ್ಲಿ ಆರು ಅಥವಾ ಏಳನ್ನು ಸೋಲುವ ಸಾಧ್ಯತೆ ಹದಿನಾರಕ್ಕೆ ಒಂದು. ಅಂದರೆ ಸಮಬಲದ ಹದಿನಾರು ತಂಡಗಳು ಏಳೇಳು ಶೂಟೌಟ್ ಆಡಿದರೆ ಅವುಗಳಲ್ಲಿ ಒಂದಕ್ಕೆ ಇಂಥ ಗತಿ ಬರುವುದು ನಿರೀಕ್ಷಿತವೇ. ಆ ಒಂದು ತಂಡದ ಬಗ್ಗೆ ಪತ್ರಿಕೆಗಳು 'ಶಾಪ' ಎಂದು ಬರೆಯುತ್ತವೆ, ಉಳಿದ ಹದಿನೈದು ಸುದ್ದಿಯಾಗುವುದಿಲ್ಲ. 2018ರಿಂದ 2024ರ ನಡುವೆ ಅದೇ ಇಂಗ್ಲೆಂಡ್ ನಾಲ್ಕು ಶೂಟೌಟ್ ಆಡಿ ಮೂರನ್ನು ಗೆದ್ದಿತು. ಕೋಚ್ ಗ್ಯಾರೆತ್ ಸೌತ್‌ಗೇಟ್ ಮಾಡಿಸಿದ ತಯಾರಿಗೂ ಅದರಲ್ಲಿ ಪಾಲಿದೆ ಎಂದೇ ನಾನು ನಂಬುತ್ತೇನೆ. ಆದರೆ ನಾಲ್ಕು ಪಂದ್ಯಗಳಿಂದ ಆ ಪಾಲನ್ನು ಅಳೆಯಲು ಆಗುವುದಿಲ್ಲ, ಅಳೆಯಲಾಗದ್ದನ್ನು ದರಕ್ಕೆ ಸೇರಿಸಲೂ ಆಗುವುದಿಲ್ಲ.

ಮೊದಲು ಹೊಡೆಯುವ ಲಾಭ

ಐವತ್ತರಿಂದ ದರವನ್ನು ಸರಿಸಬೇಕೆನ್ನುವವರ ಕೈಯಲ್ಲಿ ಒಂದು ಗಟ್ಟಿ ವಾದವಿತ್ತು. 2010ರಲ್ಲಿ ಹೋಸೆ ಅಪೆಸ್ತೆಗಿಯಾ ಮತ್ತು ಇಗ್ನಾಸಿಯೊ ಪಲಾಸಿಯೋಸ್-ವೆರ್ತಾ ಎಂಬ ಅರ್ಥಶಾಸ್ತ್ರಜ್ಞರು 129 ಶೂಟೌಟ್‌ಗಳನ್ನು ಪರಿಶೀಲಿಸಿ, ಮೊದಲು ಕಿಕ್ ಹೊಡೆದ ತಂಡ ನೂರಕ್ಕೆ 60.5 ಸಲ ಗೆದ್ದಿದೆ ಎಂದು ಪ್ರಕಟಿಸಿದರು. ಹಿಂದೆ ಬಿದ್ದು ಬೆನ್ನಟ್ಟುವವರ ಮೇಲೆ ಒತ್ತಡ ಹೆಚ್ಚು ಎಂಬುದು ಅವರ ವಿವರಣೆ. ಸುದ್ದಿ ಹಬ್ಬಿತು, ನಿಯಮ ಮಾಡುವವರೂ ಕಿವಿಗೊಟ್ಟರು. 2017ರಲ್ಲಿ ಟೆನಿಸ್‌ನ ಟೈಬ್ರೇಕರ್‌ನಂತೆ ಒಂದು ತಂಡಕ್ಕೆ ಒಂದು ಕಿಕ್, ನಂತರ ಎದುರಾಳಿಗೆ ಎರಡು, ಮತ್ತೆ ಇವರಿಗೆ ಎರಡು ಎಂಬ ಕ್ರಮವನ್ನು ಪ್ರಯೋಗಿಸಿದರು. ಆ ವರ್ಷ ಆರ್ಸೆನಲ್ ಚೆಲ್ಸಿಯನ್ನು ಸೋಲಿಸಿದ ಕಮ್ಯುನಿಟಿ ಶೀಲ್ಡ್ ಪಂದ್ಯದಲ್ಲಿ ಬಳಸಿದ್ದು ಇದೇ ಕ್ರಮವನ್ನು. ಮರುವರ್ಷವೇ ಅದನ್ನು ಕೈಬಿಡಲಾಯಿತು.

ಅಷ್ಟರಲ್ಲಿ ಕೋಖರ್, ಲೆನ್ಸ್ ಮತ್ತು ಸುಟ್ಟರ್ ಎಂಬ ಮೂವರು 2012ರಲ್ಲಿ 540 ಶೂಟೌಟ್‌ಗಳ ಲೆಕ್ಕ ಪ್ರಕಟಿಸಿದ್ದರು. ಅದರಲ್ಲಿ ಮೊದಲು ಹೊಡೆದವರ ಗೆಲುವು ನೂರಕ್ಕೆ 53.3 ಮಾತ್ರ. ಅಷ್ಟು ಶೂಟೌಟ್‌ಗಳಲ್ಲಿ ಅದು ಅದೃಷ್ಟದಿಂದಲೂ ಬರಬಹುದಾದ ಅಂತರ. ಮಾದರಿ ದೊಡ್ಡದಾದಂತೆ ಲಾಭ ಕರಗಿತು. ಪಂದ್ಯಕ್ಕೆ ಮುಂಚಿನ ದರಕ್ಕಂತೂ ಇದು ಹೇಗೂ ಸೇರದು, ಏಕೆಂದರೆ ಯಾರು ಮೊದಲು ಹೊಡೆಯುತ್ತಾರೆ ಎಂಬುದು ರೆಫರಿ ನಾಣ್ಯ ಚಿಮ್ಮುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಟಾಸ್ ಆದ ಮೇಲೆ ಒಂದೆರಡು ಅಂಕ ಆಚೀಚೆ ಮಾಡಿದರೆ ಅದನ್ನು ತಪ್ಪೆನ್ನಲಾಗದು, ಹತ್ತು ಅಂಕ ಸರಿಸಿದರೆ ತಪ್ಪು.

ನನ್ನ ಮಟ್ಟಿಗೆ ದರವನ್ನು ಸರಿಸುವ ಯೋಗ್ಯತೆ ಇರುವುದು ಗೋಲ್‌ಕೀಪರ್‌ಗೆ ಮಾತ್ರ. ಹೊಡೆಯುವವನು ಒಂದು ಕಿಕ್ ಮೇಲೆ ಪ್ರಭಾವ ಬೀರಿದರೆ ಕೀಪರ್ ಐದರ ಮೇಲೂ ಬೀರುತ್ತಾನೆ. ಇಪ್ಪತ್ತು ಕಿಕ್‌ಗಳಲ್ಲಿ ಸರಾಸರಿಗಿಂತ ಒಂದನ್ನು ಹೆಚ್ಚು ತಡೆಯುವ ಕೀಪರ್ ಎದುರಾಳಿಯ ಯಶಸ್ಸನ್ನು 75ರಿಂದ 70ಕ್ಕೆ ಇಳಿಸುತ್ತಾನೆ. ಅವನ ತಂಡದ ಗೆಲುವಿನ ಸಾಧ್ಯತೆ ಐವತ್ತೊಂಬತ್ತರ ಹತ್ತಿರ ಹೋಗುತ್ತದೆ. 2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ ಕೀಪರ್ ಸಿಲೆಸನ್‌ರನ್ನು ಹೊರಗೆ ಕರೆದು ಟಿಮ್ ಕ್ರೂಲ್‌ರನ್ನು ಕಳಿಸಿದ್ದು ಈ ನಂಬಿಕೆಯಿಂದಲೇ. ಕ್ರೂಲ್ ಕೋಸ್ಟರಿಕಾದ ಎರಡು ಕಿಕ್ ತಡೆದರು, ಡಚ್ಚರು 4–3ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಬದಲಿ ಆಟಗಾರರ ಅವಕಾಶ ಮುಗಿದಿತ್ತು. ಸಿಲೆಸನ್ ಅವರೇ ನಿಂತರು, ಅರ್ಜೆಂಟೀನಾ 4–2ರಿಂದ ಗೆದ್ದಿತು. ನೋಡಲು ಇದು ಸಾಕ್ಷಿಯಂತೆಯೇ ಇದೆ. ಆದರೆ ಎರಡು ಶೂಟೌಟ್‌ಗಳಿಂದ ಏನನ್ನೂ ಸಾಬೀತು ಮಾಡಲಾಗದು, ಮತ್ತು ಕೀಪರ್‌ನ ದಾಖಲೆಗೂ ಸ್ಟ್ರೈಕರ್‌ನ ದಾಖಲೆಯಷ್ಟೇ ಮಬ್ಬಿದೆ. ಅವನ ಹಲವು ವರ್ಷಗಳ ಕ್ಲಬ್ ಪೆನಾಲ್ಟಿಗಳನ್ನೂ ಸೇರಿಸಿ ನೋಡಿ, ಸರಾಸರಿಯ ಕಡೆಗೆ ಎಳೆದ ನಂತರವೂ ಉಳಿಯುವ ಒಂದೆರಡು ಅಂಕವನ್ನು ಕೊಡಬಹುದು. ಹಾಗೆ ಕೊಟ್ಟರೆ ದರ 52ಕ್ಕೋ 54ಕ್ಕೋ ಹೋಗಿ ನಿಲ್ಲುತ್ತದೆ.

ಲುಸೈಲ್‌ನ ಒಂದೊಂದೇ ಕಿಕ್

ಶೂಟೌಟ್ ಶುರುವಾದ ಮೇಲೆ ದರ ಐವತ್ತರಲ್ಲಿ ಕೂತಿರುವುದಿಲ್ಲ. 2022ರ ಡಿಸೆಂಬರ್ 18ರಂದು ಲುಸೈಲ್‌ನಲ್ಲಿ ನಡೆದ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ಅರ್ಜೆಂಟೀನಾ–ಫ್ರಾನ್ಸ್ 3–3. ಫ್ರಾನ್ಸ್ ಮೊದಲು ಹೊಡೆಯಿತು. ಪ್ರತಿ ಕಿಕ್‌ಗೂ 75 ಎಂಬ ಒಂದೇ ಅಂದಾಜಿನಿಂದ ಫ್ರಾನ್ಸ್‌ನ ಸಾಧ್ಯತೆಯನ್ನು ಹಿಂಬಾಲಿಸೋಣ.

ಎಂಬಾಪೆ ಗೋಲು ಹೊಡೆದರು. ಫ್ರಾನ್ಸ್ 50ರಿಂದ 57ಕ್ಕೆ ಏರಿತು, ಅಷ್ಟೇ. ಗೋಲಾಗುವುದು ನಿರೀಕ್ಷಿತ, ಅದಕ್ಕೇ ಏರಿಕೆ ಚಿಕ್ಕದು. ಅವರು ತಪ್ಪಿದ್ದರೆ 29ಕ್ಕೆ ಕುಸಿಯುತ್ತಿತ್ತು. ಏಳು ಮೇಲಕ್ಕೆ, ಇಪ್ಪತ್ತೊಂದು ಕೆಳಕ್ಕೆ, ಅಂದರೆ ಒಂದಕ್ಕೆ ಮೂರರಂತೆ. 75 ಮತ್ತು 25ರ ಅನುಪಾತವೂ ಅದೇ ಆದ್ದರಿಂದ ಲೆಕ್ಕ ಸರಿದೂಗುತ್ತದೆ. ಮೆಸ್ಸಿ ಸಮ ಮಾಡಿದರು, ಮತ್ತೆ 50. ಕೋಮನ್ ಹೊಡೆದ ಚೆಂಡನ್ನು ಎಮಿಲಿಯಾನೊ ಮಾರ್ಟಿನೆಜ್ ತಡೆದಾಗ ಫ್ರಾನ್ಸ್ 27ಕ್ಕೆ ಬಿತ್ತು. ಡಿಬಾಲಾ ಗೋಲಿನ ನಂತರ 19. ಚುವಾಮೆನಿ ಚೆಂಡನ್ನು ಹೊರಗೆ ಹೊಡೆದಾಗ 5. ಪರೆಡೆಸ್ ಗೋಲು ಹೊಡೆದ ಮೇಲೆ 2ಕ್ಕಿಂತ ಕಡಿಮೆ. ಕೋಲೊ ಮುವಾನಿ ಗೋಲು ಹೊಡೆದರೂ ಅದು 2ರ ಆಸುಪಾಸಿನಲ್ಲೇ ಉಳಿಯಿತು. ಮೊಂಟಿಯೆಲ್ ಅವರ ಕಿಕ್‌ನೊಂದಿಗೆ ಪಂದ್ಯ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಟಿವಿ ಮುಂದೆ ಕೂತವರು ಮೊದಲ ಗೋಲಿಗೆ ಕೂಗಿದ ಹೊತ್ತಿಗೆ ಫ್ರಾನ್ಸ್‌ಗೆ 65 ಎಂದೋ 70 ಎಂದೋ ಅಂದುಕೊಂಡಿರುತ್ತಾರೆ. ಎದುರಾಳಿ ಇನ್ನೂ ಹೊಡೆದಿಲ್ಲ, ಹೊಡೆದರೆ ನಾಲ್ಕರಲ್ಲಿ ಮೂರು ಸಲ ಸಮವಾಗುತ್ತದೆ ಎಂಬುದನ್ನು ಸ್ಕೋರ್ ಫಲಕ ತೋರಿಸುವುದಿಲ್ಲ. ಮೊದಲು ಹೊಡೆದ ತಂಡ 1–0 ಮುಂದಿದ್ದಾಗ ನೇರ ದರ 57ರಿಂದ ದೂರವಿದ್ದರೆ ಯಾರೋ ಉತ್ಸಾಹಕ್ಕೆ ಬೆಲೆ ಕಟ್ಟಿದ್ದಾರೆ ಎಂದು ತಿಳಿಯಬಹುದು. ನೇರ ಪ್ರಸಾರ ಮೈದಾನಕ್ಕಿಂತ ಹಲವು ಸೆಕೆಂಡ್ ತಡವಾಗಿ ಬರುತ್ತದೆ ಎಂಬುದೂ ನೆನಪಿರಲಿ. ಮನೆಯಲ್ಲಿ ಕೂತವರು ಕೋಮನ್ ಓಡಿಬರುವುದನ್ನು ನೋಡುವಾಗ ಮೈದಾನದಲ್ಲಿ ಮಾರ್ಟಿನೆಜ್ ಎದ್ದು ನಿಂತಿರಬಹುದು. ಪ್ರತಿ ಕಿಕ್‌ಗೂ ಮುನ್ನ ಕಂಪನಿಗಳು ದರವನ್ನು ತಡೆಹಿಡಿಯುವುದು ಇದಕ್ಕೇ.

ಪಂದ್ಯಕ್ಕೆ ಮುಂಚೆಯೇ ಶೂಟೌಟ್‌ನ ದರ ನೋಡಬೇಕೆಂದರೆ 'ಗೆಲುವಿನ ವಿಧಾನ' ಎಂಬ ಪಟ್ಟಿಯನ್ನು ತೆರೆಯಬೇಕು. ಅಲ್ಲಿ ಪ್ರತಿ ತಂಡಕ್ಕೂ 90 ನಿಮಿಷದಲ್ಲಿ, ಹೆಚ್ಚುವರಿ ಸಮಯದಲ್ಲಿ, ಪೆನಾಲ್ಟಿಯಲ್ಲಿ ಎಂದು ಮೂರು ದರಗಳಿರುತ್ತವೆ. ಬಲಿಷ್ಠ ತಂಡ ಮತ್ತು ದುರ್ಬಲ ತಂಡದ ದರಗಳು ಮೊದಲ ಎರಡು ಸಾಲಿನಲ್ಲಿ ದೂರ ದೂರ ಇದ್ದು, ಪೆನಾಲ್ಟಿಯ ಸಾಲಿಗೆ ಬಂದಾಗ ಪಕ್ಕಪಕ್ಕಕ್ಕೆ ಬರುತ್ತವೆ. ಬರಬೇಕು ಕೂಡ. ಒಂದಕ್ಕೆ 11, ಇನ್ನೊಂದಕ್ಕೆ 12 ಇದ್ದರೆ ಅರ್ಥವಾಗುತ್ತದೆ. ಒಂದಕ್ಕೆ 8, ಇನ್ನೊಂದಕ್ಕೆ 15 ಇದ್ದರೆ ಬಲಿಷ್ಠ ತಂಡದ ಹೆಸರಿಗಾಗಿ ಗಿರಾಕಿಯಿಂದ ಹೆಚ್ಚು ವಸೂಲಿ ಮಾಡುತ್ತಿದ್ದಾರೆ ಎಂದೇ ಲೆಕ್ಕ.

'ಮುಂದಿನ ಸುತ್ತಿಗೆ ಯಾರು' ಎಂಬ ದರದೊಳಗೂ ಇದೇ ಐವತ್ತು ಕೂತಿರುತ್ತದೆ. ಬಲಿಷ್ಠ ತಂಡ 90 ನಿಮಿಷದಲ್ಲಿ ಗೆಲ್ಲುವ ಸಾಧ್ಯತೆ 50, ಡ್ರಾ 28, ಸೋಲು 22 ಎನ್ನೋಣ. ಡ್ರಾ ಆದ 28ರಲ್ಲಿ ಸುಮಾರು 8 ಹೆಚ್ಚುವರಿ ಸಮಯದಲ್ಲಿ ಬಲಿಷ್ಠರ ಪಾಲಾಗಿ, 5 ಎದುರಾಳಿಗೆ ಹೋಗಿ, 15 ಶೂಟೌಟ್‌ಗೆ ಉಳಿಯಿತು ಎಂದಿಟ್ಟುಕೊಳ್ಳಿ. ಆ 15ನ್ನು ಸಮನಾಗಿ ಹಂಚಿದರೆ ಬಲಿಷ್ಠ ತಂಡಕ್ಕೆ 65.5. ಶೂಟೌಟ್‌ನಲ್ಲಿ ಅವರು 53 ಎಂದು ವಾದಿಸಿ ಗೆದ್ದರೂ ಒಟ್ಟು ಸಂಖ್ಯೆ ಅರ್ಧ ಅಂಕದಷ್ಟೂ ಏರುವುದಿಲ್ಲ. ಇನ್ನು, ಬರೀ 'ಪಂದ್ಯದ ಫಲಿತಾಂಶ' ಎಂದು ಬರೆದಿರುವ ಪಟ್ಟಿ ಸಾಮಾನ್ಯವಾಗಿ 90 ನಿಮಿಷ ಮತ್ತು ಇಂಜುರಿ ಟೈಮ್‌ಗೆ ಮುಗಿಯುತ್ತದೆ. ಲುಸೈಲ್‌ನ ಆ ಫೈನಲ್ ಅದರ ಪ್ರಕಾರ 2–2 ಡ್ರಾ. ಶೂಟೌಟ್‌ನ ಗೋಲುಗಳು ಯಾರ ವೈಯಕ್ತಿಕ ಲೆಕ್ಕಕ್ಕೂ ಸೇರುವುದಿಲ್ಲ.

1.91ರ ದರದಲ್ಲಿ ಐವತ್ತು–ಐವತ್ತರ ಸಂಗತಿಯ ಮೇಲೆ ಪ್ರತಿ ಸಲ 100 ಕಟ್ಟುವವರು ಸರಾಸರಿ ನಾಲ್ಕೂವರೆ ರೂಪಾಯಿ ಕಳೆದುಕೊಳ್ಳುತ್ತಾರೆ. ನಷ್ಟವಾಗದಿರಬೇಕಾದರೆ ಅವರು ಆರಿಸಿದ ತಂಡ ನೂರಕ್ಕೆ 52.4 ಸಲ ಗೆಲ್ಲಬೇಕು. ಅಂದರೆ ಎರಡು ತಂಡಗಳ ಕಿಕ್‌ಗಳ ನಡುವಿನ ಒಂದೂಕಾಲು ಅಂಕದ ಅಂತರವನ್ನು ಅವರು ನಿಖರವಾಗಿ ಬಲ್ಲವರಾಗಿರಬೇಕು; ಅದಕ್ಕೆ ಬೇಕಾದ ದಾಖಲೆ ಜಗತ್ತಿನಲ್ಲಿ ಇಲ್ಲ ಎಂಬುದನ್ನು ಮೇಲೆ ನೋಡಿದೆವು. ಭಾರತದಲ್ಲಂತೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಬ್ರಿಟನ್ನಿನಲ್ಲಿ ಪರವಾನಗಿ ಇರುವ ಕಂಪನಿಗಳಿಗೆ ಅವಕಾಶವಿದೆ, ಅಲ್ಲಿರುವ ಕನ್ನಡಿಗರಿಗೆ ಈ ದರಗಳು ದಿನವೂ ಕಣ್ಣಿಗೆ ಬೀಳುತ್ತವೆ. ಅಲ್ಲಿಯೂ ಅಂಚು ಕಂಪನಿಯದೇ.